ಗರ್ಭಕೋಶ ಜಾರಿದಾಗ: ಅಳತೆ ಹೇಳುವುದೇನು, ಆಯ್ಕೆ ಮಾಡುವುದು ಹೇಗೆ?

ಆಸ್ಪತ್ರೆಯ ಚೀಟಿಯಲ್ಲಿ ‘ಸೆಕೆಂಡ್ ಡಿಗ್ರಿ ಪ್ರೊಲ್ಯಾಪ್ಸ್’ ಎಂದು ಬರೆದಿದ್ದರೆ ನಮ್ಮ ಮನೆಗಳಲ್ಲಿ ಅದಕ್ಕೆ ಒಂದೇ ಅರ್ಥ: ಗರ್ಭಕೋಶ ಜಾರಿದೆ, ತೆಗೆಸಬೇಕು. ಯಾವಾಗ ತೆಗೆಸುವುದು, ಎಲ್ಲಿ ತೆಗೆಸುವುದು, ಎಷ್ಟು ಖರ್ಚು ಎಂಬ ಮಾತು ಅಂದೇ ಶುರುವಾಗುತ್ತದೆ. ಆ ಮಹಿಳೆಗೆ ಇದರಿಂದ ತೊಂದರೆ ಆಗುತ್ತಿದೆಯೇ, ಆಗುತ್ತಿದ್ದರೆ ಯಾವ ತೊಂದರೆ ಎಂದು ಕೇಳುವವರು ಕಡಿಮೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಜಾರಿರುವುದು ನಿಜಕ್ಕೂ ಗರ್ಭಕೋಶವೇ?

ಸ್ತ್ರೀರೋಗ ತಜ್ಞೆಯಾಗಿ ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೇ. ಡಿಗ್ರಿ, ಗ್ರೇಡ್, ಹಂತ ಎಂದು ವೈದ್ಯರು ಬರೆಯುವ ಸಂಖ್ಯೆ, ಯಾವ ಭಾಗ ಎಷ್ಟು ಕೆಳಗೆ ಬಂದಿದೆ ಎಂಬುದನ್ನು ತಿಳಿಸುತ್ತದೆ. ಚಿಕಿತ್ಸೆ ಯಾವುದೆಂದು ಆ ಸಂಖ್ಯೆಯೊಂದೇ ತೀರ್ಮಾನಿಸುವುದಿಲ್ಲ. ವ್ಯಾಯಾಮ, ಪೆಸರಿ ಎಂಬ ರಿಂಗು, ಶಸ್ತ್ರಚಿಕಿತ್ಸೆ ಈ ಮೂರರಲ್ಲಿ ಯಾವುದು ಯಾರಿಗೆ ಎಂಬುದು ಆ ಮಹಿಳೆಯ ಕಷ್ಟ, ವಯಸ್ಸು, ಕೆಲಸ ಮತ್ತು ಇಚ್ಛೆಯ ಮೇಲೆ ನಿಲ್ಲುತ್ತದೆ.

ಜಾರುವುದು ಯಾವುದು, ಏಕೆ

ಹೆಣ್ಣಿನ ಕಿಬ್ಬೊಟ್ಟೆಯ ತಳದಲ್ಲಿ ಮುಂದೆ ಮೂತ್ರಕೋಶ, ನಡುವೆ ಗರ್ಭಕೋಶ, ಹಿಂದೆ ಗುದನಾಳ ಇರುತ್ತವೆ. ಇವುಗಳ ನಡುವೆ ಹಾದು ಹೊರಗೆ ತೆರೆದುಕೊಳ್ಳುವುದು ಯೋನಿ. ಹಳೆಯ ಅಡುಗೆಮನೆಗಳಲ್ಲಿ ಮೊಸರಿನ ಗಡಿಗೆಯನ್ನು ತೊಲೆಗೆ ಕಟ್ಟಿದ ನೆಲುವಿನಲ್ಲಿ ಇಡುತ್ತಿದ್ದರು. ಗರ್ಭಕೋಶ ಇರುವುದೂ ಹಾಗೆಯೇ. ಬೆನ್ನಿನ ಕಡೆಯ ಮತ್ತು ಪಕ್ಕದ ಮೂಳೆಗಳತ್ತ ಎಳೆದು ಕಟ್ಟಿದ ತಂತುಗಳು ಅದನ್ನು ಹಗ್ಗದಂತೆ ಮೇಲಿನಿಂದ ಹಿಡಿದಿರುತ್ತವೆ. ಕೆಳಗಿನಿಂದ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಹಲಗೆಯಂತೆ ಆಸರೆ ಕೊಡುತ್ತವೆ. ಹಲಗೆ ಗಟ್ಟಿಯಾಗಿರುವವರೆಗೆ ಹಗ್ಗದ ಮೇಲೆ ಹೆಚ್ಚು ಭಾರ ಬೀಳುವುದಿಲ್ಲ. ಹಲಗೆ ಸಡಿಲವಾದರೆ ಭಾರವೆಲ್ಲ ಹಗ್ಗಕ್ಕೆ ಬಂದು, ವರ್ಷಗಳು ಕಳೆದಂತೆ ಅದೂ ಜಗ್ಗುತ್ತದೆ.

ಈ ಸ್ನಾಯುಗಳಿಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಹೆರಿಗೆಯಲ್ಲಿ. ಮಗುವಿನ ತಲೆ ಹಾದು ಬರುವಾಗ ಸ್ನಾಯು ವಿಪರೀತ ಹಿಗ್ಗುತ್ತದೆ. ಕೆಲವರಲ್ಲಿ, ಅದರಲ್ಲೂ ಫೋರ್ಸೆಪ್ಸ್ ಬಳಸಿದ ಹೆರಿಗೆಯಲ್ಲಿ, ಅದು ಮೂಳೆಗೆ ಅಂಟಿದ ಜಾಗದಲ್ಲೇ ಕಿತ್ತುಬರುತ್ತದೆ. ಅದರ ಫಲ ಕಾಣಿಸುವುದು ಹೆಚ್ಚಾಗಿ ಇಪ್ಪತ್ತು ಮೂವತ್ತು ವರ್ಷಗಳ ನಂತರ, ಮುಟ್ಟು ನಿಂತ ಮೇಲೆ. ವರ್ಷಗಟ್ಟಲೆ ಕಾಡುವ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಭಾರ ಎತ್ತುವ ದುಡಿಮೆ, ಹುಟ್ಟಿನಿಂದಲೇ ಸಡಿಲವಾದ ತಂತುಗಳು ಇದಕ್ಕೆ ಸೇರಿಕೊಳ್ಳುತ್ತವೆ.

ಆಸರೆ ಸಡಿಲವಾದಾಗ ಯೋನಿಯ ಮುಂಭಾಗದ ಗೋಡೆ ಇಳಿದರೆ ಅದರ ಹಿಂದಿರುವ ಮೂತ್ರಕೋಶವೂ ಇಳಿಯುತ್ತದೆ. ಹಿಂಭಾಗದ ಗೋಡೆ ಇಳಿದರೆ ಗುದನಾಳ ಉಬ್ಬಿ ಬರುತ್ತದೆ. ಮೇಲ್ತುದಿ ಇಳಿದರೆ ಗರ್ಭಕೋಶ ಬರುತ್ತದೆ. ಈ ಮೂರರಲ್ಲಿ ಹೆಚ್ಚಾಗಿ ಕಾಣಸಿಗುವುದು ಮುಂಗೋಡೆಯ ಇಳಿತ. ಹೊರಗೆ ಕೈಗೆ ಸಿಗುವ ಉಬ್ಬು ಯಾವುದೇ ಇರಲಿ, ನಾವು ‘ಗರ್ಭಚೀಲ ಜಾರಿದೆ’ ಎಂದುಬಿಡುತ್ತೇವೆ. ತಪ್ಪು ನಿರ್ಧಾರಗಳು ಹುಟ್ಟುವುದು ಇಲ್ಲಿಂದ.

ಅಳೆಯುವುದು ಹೇಗೆ

1996ರಲ್ಲಿ ರಿಚರ್ಡ್ ಬಂಪ್ ಮತ್ತು ಅವರ ಸಂಗಡಿಗ ತಜ್ಞರು ಒಂದು ಅಳತೆಯ ಕ್ರಮವನ್ನು ಪ್ರಕಟಿಸಿದರು. ಪಿಒಪಿ-ಕ್ಯೂ ಎಂಬ ಹೆಸರಿನ ಆ ಕ್ರಮವೇ ಇಂದು ಜಗತ್ತಿನ ಹೆಚ್ಚಿನ ಕಡೆ ಮಾನದಂಡ. ಅದರ ತಿರುಳು ಸರಳ. ಯೋನಿಯ ಬಾಯಿಯ ಒಳಅಂಚಿನಲ್ಲಿ ಕನ್ಯಾಪೊರೆ ಇದ್ದ ಜಾಗ ಎಲ್ಲರಲ್ಲೂ ಗುರುತಿಸಲು ಸಿಗುತ್ತದೆ. ಅದನ್ನು ಸೊನ್ನೆ ಎಂದು ಇಟ್ಟುಕೊಳ್ಳುವುದು. ಅದರ ಒಳಗಿರುವುದಕ್ಕೆ ಮೈನಸ್, ಹೊರಗೆ ಬಂದದ್ದಕ್ಕೆ ಪ್ಲಸ್, ಅಳತೆ ಸೆಂಟಿಮೀಟರಿನಲ್ಲಿ. ಮುಂಗೋಡೆ, ಹಿಂಗೋಡೆ, ಗರ್ಭಕೋಶದ ಕೊರಳು ಮೂರನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಯೋನಿಯ ಒಟ್ಟು ಉದ್ದವನ್ನೂ ಅದರ ಬಾಯಿಯ ಅಗಲವನ್ನೂ ಬರೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಕೆಳಗೆ ಬಂದ ಭಾಗ ಯಾವುದೋ ಅದರ ಮೇಲೆ ಹಂತ ನಿರ್ಧಾರವಾಗುತ್ತದೆ. ಯಾವ ಇಳಿತವೂ ಇಲ್ಲದಿದ್ದರೆ ಸೊನ್ನೆ. ಇಳಿದಿದ್ದರೂ ಸೊನ್ನೆಯ ಗೆರೆಗಿಂತ 1 ಸೆಂ.ಮೀ.ಗೂ ಹೆಚ್ಚು ಒಳಗೇ ಇದ್ದರೆ ಒಂದನೇ ಹಂತ. ಗೆರೆಯ ಆಚೀಚೆ 1 ಸೆಂ.ಮೀ. ಒಳಗಿದ್ದರೆ ಎರಡನೇ ಹಂತ. ಗೆರೆ ದಾಟಿ 1 ಸೆಂ.ಮೀ.ಗಿಂತ ಹೆಚ್ಚು ಹೊರಬಂದಿದ್ದರೆ ಮೂರನೇ ಹಂತ. ಯೋನಿಯ ಪೂರ್ತಿ ಉದ್ದ, ಅಥವಾ ಅದಕ್ಕೆ 2 ಸೆಂ.ಮೀ. ಮಾತ್ರ ಕಡಿಮೆ, ಮಗುಚಿ ಹೊರಗೆ ಬಂದಿದ್ದರೆ ನಾಲ್ಕನೇ ಹಂತ.

ಒಬ್ಬ ಮಹಿಳೆಯನ್ನು ಕಲ್ಪಿಸಿಕೊಳ್ಳೋಣ. ಹಾಸನದ ಕಡೆಯ ರೈತ ಕುಟುಂಬದವರು, 54 ವರ್ಷ, ಮೂರು ಹೆರಿಗೆ, ಮುಟ್ಟು ನಿಂತು ಐದು ವರ್ಷ. ‘ಬೆಳಿಗ್ಗೆ ಏನೂ ಇರಲ್ಲ ಡಾಕ್ಟ್ರೇ, ಮಧ್ಯಾಹ್ನದ ಮೇಲೆ ಭಾರ ಶುರು, ಸಂಜೆ ಹೊತ್ತಿಗೆ ಉಂಡೆ ಕೈಗೆ ಸಿಗುತ್ತೆ’ ಎನ್ನುತ್ತಾರೆ. ಒಮ್ಮೆ ಮೂತ್ರಕ್ಕೆ ಕೂತರೆ ಪೂರ್ತಿ ಹೋಗುವುದಿಲ್ಲ, ಬೆರಳಿನಿಂದ ಉಂಡೆಯನ್ನು ಮೇಲಕ್ಕೆ ಒತ್ತಿದರೆ ಹೋಗುತ್ತದೆ. ಹಿಂದೆ ಕೆಮ್ಮಿದರೆ ಮೂತ್ರ ಜಿನುಗುತ್ತಿತ್ತು, ಎರಡು ವರ್ಷದಿಂದ ಅದು ತಾನಾಗಿಯೇ ನಿಂತಿದೆ. ಊರಲ್ಲಿ ಯಾರೋ ಗರ್ಭಕೋಶ ತೆಗೆಸಬೇಕು ಎಂದಿದ್ದಾರೆ.

ಪರೀಕ್ಷೆಯಲ್ಲಿ ಅವರನ್ನು ಗಟ್ಟಿಯಾಗಿ ಮುಕ್ಕಲು ಹೇಳಿ ಅಳೆಯುತ್ತಾರೆ. ಮುಂಗೋಡೆ ಪ್ಲಸ್ 2, ಅಂದರೆ ಗೆರೆಯಿಂದ 2 ಸೆಂ.ಮೀ. ಹೊರಗೆ. ಹಿಂಗೋಡೆ ಮೈನಸ್ 2. ಗರ್ಭಕೋಶದ ಕೊರಳು ಮೈನಸ್ 4. ಯೋನಿಯ ಉದ್ದ 9 ಸೆಂ.ಮೀ. ಅತಿ ಕೆಳಗೆ ಬಂದದ್ದು ಪ್ಲಸ್ 2ರಲ್ಲಿರುವ ಮುಂಗೋಡೆ. ಆದ್ದರಿಂದ ಇದು ಮೂರನೇ ಹಂತ. ಅವರ ಕೈಗೆ ಸಿಗುತ್ತಿರುವ ಉಂಡೆಯ ಒಳಗಿರುವುದು ಮೂತ್ರಕೋಶ. ಗರ್ಭಕೋಶ ಸ್ವಲ್ಪ ಇಳಿದಿದ್ದರೂ ಇನ್ನೂ 4 ಸೆಂ.ಮೀ. ಒಳಗೇ ಇದೆ.

ಇದೇ ಮಹಿಳೆಯನ್ನು ಹಳೆಯ ‘ಡಿಗ್ರಿ’ ಲೆಕ್ಕದಲ್ಲಿ ನೋಡಿದರೆ ಚೀಟಿಯಲ್ಲಿ ಬೇರೆ ಅಂಕಿ ಬರಬಹುದು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಬಹುಕಾಲ ಕಲಿಸಿದ ಆ ಲೆಕ್ಕ ಗರ್ಭಕೋಶದ ಕೊರಳನ್ನು ನೋಡುತ್ತದೆ. ಕೊರಳು ಯೋನಿಯೊಳಗೇ ಇಳಿದಿದ್ದರೆ ಫಸ್ಟ್ ಡಿಗ್ರಿ, ಬಾಯಿಯವರೆಗೆ ಬಂದರೆ ಸೆಕೆಂಡ್, ಹೊರಗೆ ಬಂದರೆ ಥರ್ಡ್. ಹಾಗಾಗಿ ಒಬ್ಬರೇ ಮಹಿಳೆ ಒಂದು ಆಸ್ಪತ್ರೆಯಲ್ಲಿ ‘ಫಸ್ಟ್ ಡಿಗ್ರಿ’, ಇನ್ನೊಂದರಲ್ಲಿ ‘ಸ್ಟೇಜ್ 3’ ಆಗಬಹುದು. ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು ಕಾಯಿಲೆ ಜೋರಾಯಿತು ಎಂದು ಗಾಬರಿಯಾಗುವ ಮುನ್ನ, ಯಾವ ಲೆಕ್ಕದಲ್ಲಿ ಬರೆದದ್ದು ಎಂದು ಕೇಳಬೇಕು.

ಅಳತೆ ತಪ್ಪುವ ಇನ್ನೊಂದು ದಾರಿಯೂ ಇದೆ. ರಾತ್ರಿಯಿಡೀ ಮಲಗಿ ಎದ್ದವರಲ್ಲಿ ಬೆಳಿಗ್ಗೆ ಉಬ್ಬು ಕಡಿಮೆ ಇರುತ್ತದೆ. ನಾಚಿಕೆಯಿಂದ ಸರಿಯಾಗಿ ಮುಕ್ಕದೆ ಹೋದರೆ ಪ್ಲಸ್ 2 ಇರುವುದು ಮೈನಸ್ 1 ಎಂದು ದಾಖಲಾಗುತ್ತದೆ. ಅದಕ್ಕಾಗಿಯೇ ತಿಳಿದ ವೈದ್ಯರು ‘ನಿಮಗೆ ಅತಿ ಹೆಚ್ಚು ಬಂದಾಗ ಇಷ್ಟೇ ಇರುತ್ತದೆಯೇ?’ ಎಂದು ಕೇಳುತ್ತಾರೆ. ಇಲ್ಲ ಎಂದರೆ ನಿಲ್ಲಿಸಿ ಪರೀಕ್ಷಿಸುತ್ತಾರೆ, ಇಲ್ಲವೇ ಸಂಜೆಯ ಹೊತ್ತು ಬರಹೇಳುತ್ತಾರೆ. ಮಲಗಿಸಿ ಹೊಟ್ಟೆಯ ಮೇಲೆ ಮಾಡುವ ಸಾಮಾನ್ಯ ಸ್ಕ್ಯಾನಿನಿಂದ ಈ ಹಂತವನ್ನು ಹೇಳಲಾಗದು.

ಸಂಖ್ಯೆ ಹೇಳದಿರುವುದು

ಯೋನಿಯಿಂದ ಏನೋ ಹೊರಬರುತ್ತಿದೆ ಎಂಬ ಅನುಭವ ಸಾಮಾನ್ಯವಾಗಿ ಶುರುವಾಗುವುದು ಉಬ್ಬು ಸೊನ್ನೆಯ ಗೆರೆಯನ್ನು ಮುಟ್ಟಿದ ಮೇಲೆ. ಮಕ್ಕಳನ್ನು ಹೆತ್ತ ಬಹಳಷ್ಟು ಮಹಿಳೆಯರಲ್ಲಿ ಒಂದು ಅಥವಾ ಎರಡನೇ ಹಂತದ ಇಳಿತ ಇರುತ್ತದೆ. ಅವರಿಗೆ ಅದು ಗೊತ್ತೇ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಪರೀಕ್ಷೆ ಮಾಡಿದಾಗ ಕಂಡದ್ದಕ್ಕೆ ಚಿಕಿತ್ಸೆ ಬೇಕಿಲ್ಲ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಬೆಳೆಯುವಂಥದ್ದೂ ಅಲ್ಲ. ದಿನದಿನಕ್ಕೆ ಜಾರುತ್ತಲೇ ಹೋಗುತ್ತದೆ ಎಂಬುದೂ ನಿಜವಲ್ಲ. ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ.

ಸೊಂಟನೋವು, ಕಿಬ್ಬೊಟ್ಟೆ ನೋವು, ಬಿಳುಪು ಹೋಗುವುದು ಇವನ್ನೆಲ್ಲ ಸಣ್ಣ ಇಳಿತದ ತಲೆಗೆ ಕಟ್ಟುವ ರೂಢಿ ಇದೆ. ಬೆಳಿಗ್ಗೆ ಎದ್ದಾಗಲೇ ಇರುವ ಸೊಂಟನೋವಿಗೆ ಜಾರಿದ ಗರ್ಭಕೋಶ ಕಾರಣವಾಗಿರುವ ಸಂಭವ ಕಡಿಮೆ. ಮಲಗಿದಾಗ ಕಡಿಮೆಯಾಗಿ, ನಿಂತು ದುಡಿದಂತೆ ಹೆಚ್ಚುವ ಭಾರ ಇಳಿತದ ಲಕ್ಷಣ. ಕಾರಣ ಬೇರೆಯಾಗಿದ್ದರೆ ಗರ್ಭಕೋಶ ತೆಗೆದ ಮೇಲೂ ನೋವು ಉಳಿಯುತ್ತದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಡ ಮಹಿಳೆಯರ ಗರ್ಭಕೋಶವನ್ನು ಅನಗತ್ಯವಾಗಿ ತೆಗೆದ ವಿಷಯ ಕಳೆದ ದಶಕದಲ್ಲಿ ಬೀದಿಯ ಹೋರಾಟವಾಯಿತು. ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು. ಆ ಮಹಿಳೆಯರ ಅನುಭವ ಕಣ್ಣ ಮುಂದಿರುವಾಗ ‘ತೆಗೆಸಿಬಿಡಿ’ ಎಂಬ ಸಲಹೆಗೆ ಕಾರಣ ಕೇಳುವುದು ಪ್ರತಿ ಮಹಿಳೆಯ ಹಕ್ಕು.

ವ್ಯಾಯಾಮ: ಯಾರಿಗೆ, ಎಷ್ಟು ದಿನ

ತೊಂದರೆ ಕೊಡುತ್ತಿರುವ ಒಂದು ಮತ್ತು ಎರಡನೇ ಹಂತದ ಇಳಿತಕ್ಕೆ ಮೊದಲ ಚಿಕಿತ್ಸೆಯಾಗಿ ಪರಿಗಣಿಸಬೇಕಾದದ್ದು ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ. ಕೀಗೆಲ್ ವ್ಯಾಯಾಮ ಎಂಬ ಹೆಸರಿನಲ್ಲಿ ಇದು ಪರಿಚಿತ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಇದನ್ನು ತಿಳಿದವರ ಮೇಲ್ವಿಚಾರಣೆಯಲ್ಲಿ ಕನಿಷ್ಠ 16 ವಾರ ಮಾಡಬೇಕು ಎನ್ನುತ್ತದೆ.

ಮಾಡುವ ವಿಧಾನ ಹೀಗೆ. ಹೂಸು ತಡೆಯುವಾಗ ಗುದದ್ವಾರವನ್ನು ಬಿಗಿಯುವಂತೆ, ಜೊತೆಗೆ ಮೂತ್ರ ತಡೆಯುವಂತೆ, ಎರಡನ್ನೂ ಸೇರಿಸಿ ಒಳಕ್ಕೆ ಮತ್ತು ಮೇಲಕ್ಕೆ ಎಳೆದುಕೊಳ್ಳಬೇಕು. ಆರರಿಂದ ಎಂಟು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಇಂಥವು ಎಂಟರಿಂದ ಹನ್ನೆರಡು ಆದರೆ ಒಂದು ಸುತ್ತು, ದಿನಕ್ಕೆ ಮೂರು ಸುತ್ತು. ಶುರುವಿನಲ್ಲಿ ಎರಡು ಮೂರು ಸೆಕೆಂಡಿಗೇ ಸ್ನಾಯು ಸೋತರೆ ಅಲ್ಲಿಂದಲೇ ಆರಂಭಿಸಿ ನಿಧಾನವಾಗಿ ಹೆಚ್ಚಿಸಬೇಕು. ಉಸಿರು ಕಟ್ಟಬಾರದು, ತೊಡೆ, ಪೃಷ್ಠ, ಹೊಟ್ಟೆ ಬಿಗಿಯಬಾರದು. ಕೆಮ್ಮುವ, ಸೀನುವ, ಕೊಡ ಎತ್ತುವ ಕ್ಷಣಕ್ಕೆ ಮೊದಲು ಒಮ್ಮೆ ಬಿಗಿದುಕೊಳ್ಳುವ ಅಭ್ಯಾಸವೂ ಇದರ ಭಾಗ. ಮೂತ್ರ ಮಾಡುತ್ತಿರುವಾಗ ನಡುವೆ ತಡೆದು ತಡೆದು ಅಭ್ಯಾಸ ಮಾಡುವುದು ಸರಿಯಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಒಂದು ಕಡೆ: ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಾರೆ. ಅದೇ ಬಂಪ್ ಅವರ ತಂಡ 1991ರಲ್ಲಿ 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ಹೇಳಿಕೊಟ್ಟು ಪರೀಕ್ಷಿಸಿತು. ಸರಿಯಾಗಿ ಮಾಡಿದವರು ಸುಮಾರು ಅರ್ಧದಷ್ಟು. ಕಾಲುಭಾಗ ಮಂದಿ ಮಾಡಿದ ರೀತಿ ತೊಂದರೆಯನ್ನೇ ಹೆಚ್ಚಿಸುವಂತಿತ್ತು. ಹಾಗಾಗಿ ಶುರುವಿನಲ್ಲಿ ಒಮ್ಮೆಯಾದರೂ ವೈದ್ಯರು ಅಥವಾ ಈ ವಿಷಯ ಬಲ್ಲ ಫಿಸಿಯೋಥೆರಪಿಸ್ಟ್ ಒಳಗೆ ಬೆರಳಿಟ್ಟು ನೋಡಿ ಸರಿಯಾಗಿದೆ ಎಂದು ಹೇಳಬೇಕು. ಮನೆಯಲ್ಲಿ ನೀವೇ ನೋಡಿಕೊಳ್ಳಬಹುದು. ಕೈಕನ್ನಡಿ ಹಿಡಿದಾಗ ಯೋನಿ ಮತ್ತು ಗುದದ ನಡುವಿನ ಭಾಗ ಒಳಕ್ಕೆ ಸರಿದರೆ ಸರಿ. ಹೊರಕ್ಕೆ ಉಬ್ಬಿದರೆ ನಿಲ್ಲಿಸಿ, ಮತ್ತೆ ಹೇಳಿಸಿಕೊಳ್ಳಿ.

ಇದರಿಂದ ಸಿಗುವುದೆಷ್ಟು? 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ ಬ್ರಿಟನ್, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ 447 ಮಹಿಳೆಯರಿದ್ದರು. ಅವರಲ್ಲಿ ಒಂದು ಗುಂಪಿಗೆ 16 ವಾರಗಳಲ್ಲಿ ಐದು ಬಾರಿ ಫಿಸಿಯೋಥೆರಪಿಸ್ಟ್ ಎದುರು ಕೂರಿಸಿ ಕಲಿಸಿದರು, ಇನ್ನೊಂದು ಗುಂಪಿಗೆ ಕರಪತ್ರ ಮಾತ್ರ ಕೊಟ್ಟರು. ಒಂದು ವರ್ಷದ ಹೊತ್ತಿಗೆ ಕಲಿತವರ ಭಾರ, ಉಬ್ಬಿನ ಅನುಭವ ಹೆಚ್ಚು ಕಡಿಮೆಯಾಗಿತ್ತು. ಸೆಂಟಿಮೀಟರಿನ ಅಳತೆಯಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ವ್ಯಾಯಾಮ ಕಷ್ಟವನ್ನು ಇಳಿಸುತ್ತದೆ. ಹೊರಗೆ ಬಂದ ಗೋಡೆಯನ್ನು ಅದು ಹಿಂದಕ್ಕೆ ಕಳಿಸುತ್ತದೆ ಎಂದು ಯಾರೂ ಭರವಸೆ ಕೊಡಬಾರದು. ನಮ್ಮ 54 ವರ್ಷದ ಮಹಿಳೆಗೆ, ಪ್ಲಸ್ 2ರಲ್ಲಿ, ವ್ಯಾಯಾಮವೊಂದೇ ಸಾಲುವ ಸಂಭವ ಕಡಿಮೆ. ಬೇರೆ ಚಿಕಿತ್ಸೆಯ ಜೊತೆಗೆ ಮಾಡಬಹುದು.

ಹೊಸ ಬಾಣಂತಿಯರಿಗೆ ಒಂದು ಮಾತು. ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಣುವ ಇಳಿತ ಮುಂದಿನ ತಿಂಗಳುಗಳಲ್ಲಿ ಬಹಳಷ್ಟು ಸರಿಹೋಗುತ್ತದೆ. ವ್ಯಾಯಾಮ ಮಾಡುತ್ತ ಕಾಯಬೇಕು, ಶಸ್ತ್ರಚಿಕಿತ್ಸೆಯ ಯೋಚನೆ ಆಗ ಬೇಡ.

ಪೆಸರಿ: ಕೇಳದೆ ಸಿಗದ ಚಿಕಿತ್ಸೆ

ಪೆಸರಿ ಎಂದರೆ ಯೋನಿಯೊಳಗೆ ಕೂರಿಸುವ ಮೆತ್ತನೆಯ ಸಿಲಿಕೋನ್ ಸಾಧನ. ಹೆಚ್ಚು ಬಳಕೆಯಲ್ಲಿರುವುದು ಬಳೆಯಾಕಾರದ ರಿಂಗ್. ಅದನ್ನು ಮಡಿಸಿ ಒಳಗಿಟ್ಟರೆ ತೆರೆದುಕೊಂಡು, ಇಳಿದ ಗೋಡೆಗಳನ್ನು ಮೇಲೆ ಹಿಡಿಯುತ್ತದೆ. ದೊಡ್ಡ ಇಳಿತಕ್ಕೆ, ರಿಂಗ್ ನಿಲ್ಲದವರಿಗೆ, ಕಾಂಡವಿರುವ ಗೆಲ್‌ಹಾರ್ನ್ ಎಂಬ ಬಗೆ ಇದೆ. ಯಾವ ಹಂತದಲ್ಲಾದರೂ ಪೆಸರಿಯನ್ನು ಪ್ರಯತ್ನಿಸಬಹುದು. ಗರ್ಭಿಣಿಯರಿಗೆ, ಇನ್ನೂ ಮಕ್ಕಳು ಬೇಕೆನ್ನುವವರಿಗೆ, ಹೃದಯ ಅಥವಾ ಶ್ವಾಸಕೋಶದ ಕಾಯಿಲೆಯಿಂದ ಅರಿವಳಿಕೆ ಅಪಾಯವಾಗಿರುವ ಹಿರಿಯರಿಗೆ, ಆಪರೇಷನ್ ಬೇಡ ಎನ್ನುವವರಿಗೆ ಇದು ನಿಜವಾದ ಆಸರೆ. ನಮ್ಮಲ್ಲಿ ಬಹಳಷ್ಟು ಮಹಿಳೆಯರಿಗೆ ಹೀಗೊಂದು ಇದೆ ಎಂದೇ ಯಾರೂ ಹೇಳಿರುವುದಿಲ್ಲ.

ಅಳತೆ ಕಾಗದ ನೋಡಿ ಪೆಸರಿ ಬರೆದುಕೊಡಲು ಬರುವುದಿಲ್ಲ. ಗಾತ್ರ ಮಿಲಿಮೀಟರಿನಲ್ಲಿರುತ್ತದೆ, ಹಾಕಿ ನೋಡಿಯೇ ಆರಿಸಬೇಕು. ಹಾಕಿದ ಮೇಲೆ ರಿಂಗ್ ಮತ್ತು ಯೋನಿಯ ಗೋಡೆಯ ನಡುವೆ ವೈದ್ಯರ ಬೆರಳು ಹಾಯುವಷ್ಟು ಸಡಿಲ ಇರಬೇಕು. ನಂತರ ಮಹಿಳೆ ಎದ್ದು ಓಡಾಡಿ, ಕುಕ್ಕರಗಾಲಲ್ಲಿ ಕೂತು, ಕೆಮ್ಮಿ, ಮೂತ್ರ ಮಾಡಿ ಬರಬೇಕು. ಬಿದ್ದುಹೋದರೆ ಸಣ್ಣದಾಯಿತು, ನೋವಾದರೆ ಅಥವಾ ಮೂತ್ರ ಹೋಗದಿದ್ದರೆ ದೊಡ್ಡದಾಯಿತು. ಸರಿಯಾಗಿ ಕೂತ ರಿಂಗು ಒಳಗಿದೆ ಎಂದೇ ತಿಳಿಯುವುದಿಲ್ಲ. ಮೊದಲ ಸಲಕ್ಕೇ ಕೂರದಿದ್ದರೆ ಇನ್ನೊಂದು ಗಾತ್ರ ನೋಡುವುದು ಮಾಮೂಲು. ಯೋನಿಯ ಬಾಯಿ ತುಂಬ ಅಗಲವಾಗಿದ್ದರೆ, ಯೋನಿಯ ಉದ್ದ ಕಡಿಮೆಯಿದ್ದರೆ ಅದು ನಿಲ್ಲುವುದು ಕಷ್ಟ.

ಸಾಧ್ಯವಾದವರು ರಿಂಗನ್ನು ತಾವೇ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಮತ್ತೆ ಹಾಕಿಕೊಳ್ಳಲು ಕಲಿಯುವುದು ಒಳ್ಳೆಯದು. ಕೆಲವರು ವಾರಕ್ಕೊಮ್ಮೆ ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಹಾಕಿಕೊಳ್ಳುತ್ತಾರೆ. ರಿಂಗ್ ಇದ್ದೂ ದಾಂಪತ್ಯ ಸಂಬಂಧ ಸಾಧ್ಯ. ಗೆಲ್‌ಹಾರ್ನ್ ಆದರೆ ತೆಗೆಯಬೇಕು. ತಾವೇ ತೆಗೆಯಲಾಗದವರು ಮೂರರಿಂದ ಆರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರಲೇಬೇಕು. ಮುಟ್ಟು ನಿಂತವರಲ್ಲಿ ಯೋನಿಯ ಒಳಪದರ ತೆಳುವಾಗಿ ಒಣಗಿರುತ್ತದೆ, ರಿಂಗ್ ಉಜ್ಜಿ ಹುಣ್ಣಾಗಬಹುದು. ಈಸ್ಟ್ರೋಜನ್ ಕ್ರೀಮ್ ಕೊಡುವುದು ಅದಕ್ಕೆ. ಸ್ವಲ್ಪ ಬಿಳುಪು ಸಹಜ. ದುರ್ವಾಸನೆ, ರಕ್ತ, ನೋವು ಬಂದರೆ ತೆಗೆಸಿ ತೋರಿಸಬೇಕು. ಹಾಕಿಸಿಕೊಂಡು ವರ್ಷಗಟ್ಟಲೆ ಮರೆತುಬಿಟ್ಟ ಪೆಸರಿ ಗೋಡೆಯನ್ನು ಕೊರೆದು ಮೂತ್ರಕೋಶ ಅಥವಾ ಗುದನಾಳಕ್ಕೆ ತೂತು ಮಾಡಿದ ಉದಾಹರಣೆಗಳಿವೆ. ಅದಕ್ಕಾಗಿ ಮನೆಯ ಇನ್ನೊಬ್ಬರಿಗೂ ತಿಳಿಸಿರಬೇಕು. ಅತ್ತೆಗೆ ಹಾಕಿದ್ದನ್ನು ಸೊಸೆಗೆ ಹೇಳಿಟ್ಟರೆ ಮರೆತುಹೋಗುವ ಸಂಭವ ಕಡಿಮೆ. ಆದರೂ ತಪಾಸಣೆ ತಪ್ಪಿಸಬಾರದು.

ಪೆಸರಿ ಮತ್ತು ಶಸ್ತ್ರಚಿಕಿತ್ಸೆಯನ್ನು ಎದುರುಬದುರು ಇಟ್ಟು ನೋಡಿದ ನೆದರ್ಲೆಂಡ್ಸ್‌ನ ಅಧ್ಯಯನ 2022ರಲ್ಲಿ ಪ್ರಕಟವಾಯಿತು. 440 ಮಹಿಳೆಯರು, ಎಲ್ಲರೂ ಎರಡನೇ ಹಂತ ಅಥವಾ ಮೇಲ್ಪಟ್ಟವರು. ಎರಡು ವರ್ಷಗಳ ಬಳಿಕ ಪೆಸರಿಯಿಂದ ಶುರುಮಾಡಿದವರಲ್ಲಿ ನೂರಕ್ಕೆ ಸುಮಾರು 76, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಸುಮಾರು 81 ಮಂದಿ ಸುಧಾರಿಸಿದ್ದೇವೆ ಎಂದರು. ಪೆಸರಿ ಗುಂಪಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಆ ಎರಡು ವರ್ಷಗಳಲ್ಲಿ ಶಸ್ತ್ರಚಿಕಿತ್ಸೆಗೆ ಹೋದರು ಎಂಬುದನ್ನೂ ಸೇರಿಸಿ ಓದಬೇಕು. ಪೆಸರಿ ಸೇರದೆ ಹೋಗುವವರಿದ್ದಾರೆ, ಉಳಿದವರು ಚಾಕು ಮುಟ್ಟದೆಯೇ ನಡೆಸಿಕೊಂಡು ಹೋಗುತ್ತಾರೆ. ಪ್ರಯತ್ನಿಸಿದ್ದರಿಂದ ಕಳೆದುಕೊಳ್ಳುವುದೇನಿಲ್ಲ, ಶಸ್ತ್ರಚಿಕಿತ್ಸೆಯ ದಾರಿ ಮುಚ್ಚುವುದಿಲ್ಲ.

ಶಸ್ತ್ರಚಿಕಿತ್ಸೆ: ತೆಗೆಯುವುದೋ, ಎತ್ತಿಕಟ್ಟುವುದೋ

ಹೊರಬಂದ ಉಬ್ಬು ದಿನನಿತ್ಯದ ಬದುಕನ್ನು ತಡೆಯುತ್ತಿದೆ, ಪೆಸರಿ ಸೇರಲಿಲ್ಲ ಅಥವಾ ಬೇಡ, ಮಕ್ಕಳಾಗುವುದು ಮುಗಿದಿದೆ, ಅರಿವಳಿಕೆಗೆ ಮೈ ಒಗ್ಗುತ್ತದೆ ಎಂದಾದರೆ ಶಸ್ತ್ರಚಿಕಿತ್ಸೆ ಒಳ್ಳೆಯ ಆಯ್ಕೆ. ಆದರೆ ಗರ್ಭಕೋಶ ತೆಗೆಯುವುದೇ ಈ ಶಸ್ತ್ರಚಿಕಿತ್ಸೆ ಎಂಬ ತಿಳಿವಳಿಕೆ ತಪ್ಪು. ಸಡಿಲವಾದದ್ದು ಆಸರೆ, ಗರ್ಭಕೋಶ ಅದರ ಜೊತೆ ಇಳಿದು ಬಂದದ್ದು. ಗರ್ಭಕೋಶ ತೆಗೆದು ಯೋನಿಯ ಮೇಲ್ತುದಿಯನ್ನು ಗಟ್ಟಿ ತಂತುಗಳಿಗೆ ಕಟ್ಟದೆ ಬಿಟ್ಟರೆ, ಕೆಲವು ವರ್ಷಗಳಲ್ಲಿ ಆ ಮೇಲ್ತುದಿಯೇ ಮಗುಚಿ ಹೊರಬರಬಹುದು. ಅದನ್ನು ವಾಲ್ಟ್ ಪ್ರೊಲ್ಯಾಪ್ಸ್ ಎನ್ನುತ್ತಾರೆ. ಅದನ್ನು ಸರಿಪಡಿಸುವುದು ಮೊದಲಿನದಕ್ಕಿಂತ ಕಷ್ಟ.

ಮಾಡಬೇಕಾದ ಕೆಲಸ ಎರಡು: ಇಳಿದ ಗೋಡೆಯನ್ನು ಬಿಗಿಗೊಳಿಸುವುದು, ಮೇಲ್ತುದಿಯನ್ನು ಎತ್ತಿಕಟ್ಟುವುದು. ಇದನ್ನು ಗರ್ಭಕೋಶ ತೆಗೆದೂ ಮಾಡಬಹುದು, ಉಳಿಸಿಯೂ ಮಾಡಬಹುದು. ನೆದರ್ಲೆಂಡ್ಸ್‌ನ ಇನ್ನೊಂದು ಅಧ್ಯಯನ ಈ ಎರಡನ್ನೂ ಐದು ವರ್ಷ ಹಿಂಬಾಲಿಸಿ 2019ರಲ್ಲಿ ಫಲಿತಾಂಶ ಕೊಟ್ಟಿತು. ಗರ್ಭಕೋಶ ಉಳಿಸಿ, ಕಿಬ್ಬೊಟ್ಟೆಯ ಹಿಂಭಾಗದ ಗಟ್ಟಿ ತಂತುವಿಗೆ ಎತ್ತಿಕಟ್ಟಿದ ಗುಂಪಿನಲ್ಲಿ ಒಬ್ಬರಿಗೆ ಮಾತ್ರ ಮೇಲ್ತುದಿಯ ಇಳಿತ ತೊಂದರೆಯಾಗಿ ಮರಳಿತು. ತೆಗೆದ ಗುಂಪಿನಲ್ಲಿ ಎಂಟು ಮಂದಿಗೆ. ಎರಡೂ ಗುಂಪಿನಲ್ಲಿ ನೂರರ ಆಸುಪಾಸು ಮಹಿಳೆಯರಿದ್ದರು. ಉದ್ದವಾಗಿ ಬೆಳೆದ ಗರ್ಭಕೊರಳನ್ನಷ್ಟೇ ಕತ್ತರಿಸಿ ತಂತುಗಳನ್ನು ಬಿಗಿಯುವ ಮ್ಯಾಂಚೆಸ್ಟರ್ ಶಸ್ತ್ರಚಿಕಿತ್ಸೆ ನೂರು ವರ್ಷಕ್ಕೂ ಹಳೆಯದು, ಈಗ ಮತ್ತೆ ಬಳಕೆಗೆ ಬರುತ್ತಿದೆ. ಮಕ್ಕಳು ಬೇಕಾದ ಎಳೆಯ ಮಹಿಳೆಯರಿಗೆ ಗರ್ಭಕೋಶವನ್ನು ಪಟ್ಟಿಯಿಂದ ಎತ್ತಿಕಟ್ಟುವ ವಿಧಾನಗಳನ್ನು ಮುಂಬೈನ ಶಿರೋಡ್ಕರ್, ಪುರಂದರೆ ಅವರಂಥ ವೈದ್ಯರು ಕಳೆದ ಶತಮಾನದಲ್ಲೇ ರೂಪಿಸಿದರು. ಗರ್ಭಕೋಶ ತೆಗೆಯಲು ಬೇರೆ ಕಾರಣವಿದ್ದರೆ, ಉದಾಹರಣೆಗೆ ಮುಟ್ಟು ನಿಂತ ಮೇಲೆ ರಕ್ತಸ್ರಾವ ಅಥವಾ ಗರ್ಭಕೊರಳಿನ ಪರೀಕ್ಷೆಯಲ್ಲಿ ದೋಷ ಕಂಡಿದ್ದರೆ, ಉಳಿಸುವ ಮಾತು ಬರುವುದಿಲ್ಲ. ವಯಸ್ಸಾಗಿ, ದಾಂಪತ್ಯ ಸಂಬಂಧ ಇನ್ನು ಬೇಡವೆಂದು ಖಚಿತವಾಗಿ ಹೇಳುವವರಿಗೆ ಯೋನಿಯನ್ನು ಒಳಗೇ ಹೊಲಿದು ಮುಚ್ಚುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಅದರ ಯಶಸ್ಸು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಆದರೆ ಹಿಂದಿರುಗುವ ದಾರಿ ಇಲ್ಲ.

ಯೋನಿಯ ಮೂಲಕ ಹಾಕುವ ಪ್ಲಾಸ್ಟಿಕ್ ಜಾಲರಿ, ಅಂದರೆ ಮೆಶ್, ಬಗ್ಗೆ ಎಚ್ಚರ ಬೇಕು. ಅದು ಗೋಡೆ ಕೊರೆದು ಹೊರಬರುವುದು, ನೋವು ಉಳಿಯುವುದು ಕಂಡ ಮೇಲೆ ಅಮೆರಿಕದ ಎಫ್‌ಡಿಎ 2019ರ ಏಪ್ರಿಲ್‌ನಲ್ಲಿ ಗರ್ಭಕೋಶ, ಮೂತ್ರಕೋಶದ ಇಳಿತಕ್ಕಾಗಿ ಅದರ ಮಾರಾಟವನ್ನು ನಿಲ್ಲಿಸಿತು. ಹೊಟ್ಟೆಯ ಕಡೆಯಿಂದ ಬೆನ್ನಮೂಳೆಯ ಬುಡಕ್ಕೆ ಜಾಲರಿಯಿಂದ ಎತ್ತಿಕಟ್ಟುವ ಶಸ್ತ್ರಚಿಕಿತ್ಸೆ ಬೇರೆ. ಅದು ಈಗಲೂ ಬಳಕೆಯಲ್ಲಿದೆ.

ಯಾವ ವಿಧಾನವಾದರೂ ಇಳಿತ ಮರಳಬಹುದು, ಮುಂಗೋಡೆಯಲ್ಲಿ ಆ ಸಂಭವ ಹೆಚ್ಚು. ಆಪರೇಷನ್ ಆದ ಸುಮಾರು ಆರು ವಾರ ಭಾರ ಎತ್ತಬಾರದು. ಆಮೇಲೂ ಕೆಮ್ಮು, ಮಲಬದ್ಧತೆಗೆ ಚಿಕಿತ್ಸೆ ಮಾಡಿಸದಿದ್ದರೆ ಹಾಕಿದ ಹೊಲಿಗೆಯ ಮೇಲೆ ಅದೇ ಭಾರ ಬೀಳುತ್ತದೆ.

ಆ ಮಹಿಳೆ ಏನು ಮಾಡಬಹುದು

ಈಗ ನಮ್ಮ ಉದಾಹರಣೆಗೆ ಮರಳೋಣ. ಮುಂಗೋಡೆ ಪ್ಲಸ್ 2, ತೊಂದರೆ ನಿಜ. ಮೂತ್ರ ಮಾಡಿದ ಮೇಲೆ ಸ್ಕ್ಯಾನಿನಲ್ಲಿ ಎಷ್ಟು ಮೂತ್ರ ಉಳಿಯುತ್ತದೆ ಎಂದು ಮೊದಲು ನೋಡಬೇಕು. ಹೆಚ್ಚು ಉಳಿದರೆ ಸೋಂಕು, ಮುಂದೆ ಮೂತ್ರಪಿಂಡಕ್ಕೂ ತೊಂದರೆ. ಅಂಥವರಿಗೆ ‘ನೋಡೋಣ’ ಎಂದು ಬಿಡಲಾಗದು. ಅಷ್ಟಿಲ್ಲದಿದ್ದರೆ ಈಸ್ಟ್ರೋಜನ್ ಕ್ರೀಮ್ ಕೊಟ್ಟು ರಿಂಗ್ ಹಾಕಿ ಕೆಲವು ವಾರ ನೋಡಬಹುದು. ಇದರಿಂದ ಇನ್ನೊಂದು ಗುಟ್ಟೂ ಬಯಲಾಗುತ್ತದೆ. ಅವರಿಗೆ ಕೆಮ್ಮಿದಾಗ ಮೂತ್ರ ಜಿನುಗುವುದು ನಿಂತದ್ದು ವಾಸಿಯಾಗಿ ಅಲ್ಲದಿರಬಹುದು. ಇಳಿದ ಮೂತ್ರಕೋಶ ಮೂತ್ರನಾಳವನ್ನು ಮಡಿಸಿ ಅಡ್ಡಗಟ್ಟಿದ್ದರಿಂದಲೂ ಹಾಗಾಗುತ್ತದೆ. ರಿಂಗು ಉಬ್ಬನ್ನು ಮೇಲೆತ್ತಿದಾಗ ಮೂತ್ರ ಮತ್ತೆ ಜಿನುಗಿದರೆ ಶಸ್ತ್ರಚಿಕಿತ್ಸೆಯ ನಂತರವೂ ಜಿನುಗಬಹುದು ಎಂಬುದು ಮೊದಲೇ ತಿಳಿಯುತ್ತದೆ. ಅದಕ್ಕೆ ಬೇಕಾದ ಏರ್ಪಾಡನ್ನು ಚರ್ಚಿಸಬಹುದು.

ರಿಂಗು ಹಿತವಾದರೆ ಅದರಲ್ಲೇ ಮುಂದುವರಿಯಬಹುದು, ವ್ಯಾಯಾಮವೂ ಇರಲಿ. ಹೊಲದ ಕೆಲಸದಲ್ಲಿ ಅದು ಬೀಳುತ್ತಿದೆ, ಊರಿಂದ ಆಸ್ಪತ್ರೆ ದೂರ, ತೆಗೆದು ಹಾಕುವುದು ಬೇಡ ಎಂದರೆ ಮುಂಗೋಡೆಯನ್ನು ಬಿಗಿಗೊಳಿಸಿ, ಮೈನಸ್ 4ರಲ್ಲಿರುವ ಮೇಲ್ತುದಿಗೂ ಆಸರೆ ಬೇಕೇ ಎಂದು ತೀರ್ಮಾನಿಸಿ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಈ ಅಳತೆಯೊಂದನ್ನೇ ಕಾರಣವಾಗಿ ಹಿಡಿದು ಗರ್ಭಕೋಶವನ್ನು ತೆಗೆಯಲೇಬೇಕು ಎನ್ನಲು ಬರುವುದಿಲ್ಲ.

ತಡಮಾಡಬಾರದ ಸಂದರ್ಭಗಳೂ ಇವೆ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಹೊರಬಂದದ್ದು ಒಳಗೆ ಹೋಗದೆ ಊದಿಕೊಂಡರೆ, ಅದರ ಮೇಲೆ ಹುಣ್ಣಾಗಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಚಿಕೆಯಿಂದ ಬಟ್ಟೆ ಕಟ್ಟಿಕೊಂಡು ವರ್ಷ ದೂಡುವ ನಮ್ಮ ಹಿರಿಯರಿಗೆ ಮನೆಯ ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಕೇಳಬೇಕು.

ಉಳಿದವರಿಗೆ ಆತುರವಿಲ್ಲ. ಮುಂದಿನ ಸಲ ವೈದ್ಯರ ಎದುರು ಕೂತಾಗ ಮೂರು ಪ್ರಶ್ನೆ ಕೇಳಿ. ಇಳಿದಿರುವುದು ಯಾವ ಭಾಗ, ಸೊನ್ನೆಯ ಗೆರೆಯಿಂದ ಎಷ್ಟು ಸೆಂಟಿಮೀಟರ್? ವ್ಯಾಯಾಮ ಅಥವಾ ಪೆಸರಿ ನನಗೆ ಸರಿಹೋಗುತ್ತದೆಯೇ, ಇಲ್ಲವಾದರೆ ಏಕೆ? ಶಸ್ತ್ರಚಿಕಿತ್ಸೆ ಮಾಡಿದರೆ ಗರ್ಭಕೋಶ ಉಳಿಯುತ್ತದೆಯೇ, ಮೇಲ್ತುದಿಯನ್ನು ಯಾವುದಕ್ಕೆ ಕಟ್ಟುತ್ತೀರಿ? ಈ ಮೂರಕ್ಕೂ ನಿಮಗೆ ಅರ್ಥವಾಗುವ ಉತ್ತರ ಸಿಗುವವರೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.